ಚೀಟಿ ಬರುವ ಮೊದಲೇ ಸಮಯ ಬರೆದಿಟ್ಟುಕೊಳ್ಳಿ

ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಭಾಷಣ ನಿಲ್ಲಿಸಲು ಇರುವ ಸಾಧನ ಒಂದೇ, ಚೀಟಿ. ಭಾಷಣಕಾರರು ಹೊತ್ತು ಮೀರಿದರೆಂದು ಅನಿಸಿದಾಗ ಸಂಘಟಕರಲ್ಲಿ ಒಬ್ಬರು ಮೆಲ್ಲಗೆ ವೇದಿಕೆ ಹತ್ತಿ ಮೈಕಿನ ಪಕ್ಕ ಚೀಟಿ ಇಟ್ಟು ಬರುತ್ತಾರೆ. ಭಾಷಣಕಾರರು ಅದನ್ನು ನೋಡಿ "ಸಮಯದ ಅಭಾವ ಇರುವುದರಿಂದ" ಎಂದು ಹೇಳಿ ಇನ್ನೂ ಹತ್ತು ನಿಮಿಷ ಮಾತಾಡುತ್ತಾರೆ. ಹಾಗೆ ಹೋದ ಹತ್ತು ನಿಮಿಷ ಮುಖ್ಯ ಅತಿಥಿಗಳದ್ದಲ್ಲ, ಕೊನೆಯಲ್ಲಿ ಪ್ರಶ್ನೆ ಕೇಳಬೇಕೆಂದು ಬೆಳಗ್ಗೆಯಿಂದ ಕಾದು ಕೂತಿದ್ದವರದ್ದು. ಊರಿಗೆ ಹೋಗುವ ಬಸ್ಸಿನ ಹೊತ್ತಾಯಿತೆಂದು ಅವರು ಕೇಳದೆಯೇ ಎದ್ದು ಹೋಗುತ್ತಾರೆ.

ಚೀಟಿಯಿಂದ ಉಪಯೋಗವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದು ಬರುವ ಹೊತ್ತಿಗೆ ಸಮಯ ಮೀರಿರುತ್ತದೆ. ಏನನ್ನು ಬಿಡಬೇಕು, ಎಲ್ಲಿಗೆ ಹಾರಬೇಕು ಎಂಬುದನ್ನು ಭಾಷಣಕಾರರು ನೂರು ಜನರೆದುರು ನಿಂತುಕೊಂಡೇ ಯೋಚಿಸಬೇಕಾಗುತ್ತದೆ. ಆ ಯೋಚನೆಯನ್ನು ಮನೆಯಲ್ಲೇ ಮಾಡಿ ಮುಗಿಸಬಹುದು. ಬರೆದ ಸ್ಕ್ರಿಪ್ಟಿನ ಅಂಚಿನಲ್ಲಿ ಸಮಯದ ಗುರುತು ಹಾಕಿಕೊಳ್ಳುವುದೆಂದರೆ ಇದೇ. ಚೀಟಿಯನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ, ಅದನ್ನೂ ಭಾಷಣ ಇನ್ನೂ ಅರ್ಧ ಉಳಿದಿರುವಾಗಲೇ.

ಇದನ್ನು ನಾವು ಕಲಿತದ್ದು ಬಾನುಲಿಯ ಕೆಲಸದಲ್ಲಿ. ಸಭೆಯಲ್ಲಿ ಹತ್ತು ನಿಮಿಷ ಮೀರಿದರೆ ಊಟ ತಡವಾಗುತ್ತದೆ ಅಷ್ಟೆ. ನೇರ ಪ್ರಸಾರದಲ್ಲಿ ಹಾಗಲ್ಲ, ಅಲ್ಲಿ ಮುಂದಿನ ಕಾರ್ಯಕ್ರಮ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳುತ್ತೇವೆ. ಸಮುದಾಯ ಬಾನುಲಿಯೊಂದರಲ್ಲಿ ಸಂಜೆ ಐದಕ್ಕೆ ಅರ್ಧ ಗಂಟೆಯ ರೈತರ ಕಾರ್ಯಕ್ರಮ. ಮೊದಲು ಮೂರು ನಿಮಿಷ ಹಾಡು ಮತ್ತು ಪರಿಚಯ. 5:03ರಿಂದ 5:15ರವರೆಗೆ ಪಶುವೈದ್ಯರೊಬ್ಬರು ದನಗಳ ಚರ್ಮಗಂಟು ರೋಗದ ಬಗ್ಗೆ ಮಾತಾಡಬೇಕು. 5:15ರಿಂದ ಕೇಳುಗರ ಫೋನ್ ಕರೆಗಳು. ಒಂದು ಕರೆಗೆ ಮೂರು ನಿಮಿಷವಾದರೂ ಬೇಕು. ಡಾಕ್ಟರು ಮೂರು ನಿಮಿಷ ಜಾಸ್ತಿ ಮಾತಾಡಿದರೆ ಒಬ್ಬರ ಕರೆ ತಪ್ಪಿತು. ಆ ಒಬ್ಬರ ಕೊಟ್ಟಿಗೆಯಲ್ಲಿ ಅವತ್ತು ಮೈತುಂಬ ಗಂಟು ಎದ್ದ ಹಸು ಇರಬಹುದು.

ಮೊದಲ ಕೆಲಸ ಸ್ಕ್ರಿಪ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯುವುದು. ಇಲ್ಲಿ ಹೆಚ್ಚಿನವರು ಪದ ಎಣಿಸುತ್ತಾರೆ, ಇಲ್ಲವೇ ಪುಟಕ್ಕೆ ಎರಡು ನಿಮಿಷ ಎಂದು ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿ ಪದದ ಲೆಕ್ಕ ನಂಬುವಂತಿಲ್ಲ. "ಆ ಹಸು" ಎಂದರೆ ಎರಡು ಪದ, "ಹಾಕಿಸಬೇಕಾಗಿರುವುದರಿಂದ" ಎಂದರೆ ಒಂದೇ ಪದ. ಹೇಳಲು ಯಾವುದಕ್ಕೆ ಹೆಚ್ಚು ಹೊತ್ತು ಬೇಕು ಎಂದು ಬಾಯಿಬಿಟ್ಟು ಹೇಳಿ ನೋಡಿದರೆ ಗೊತ್ತಾಗುತ್ತದೆ. ಅಂಕಿಗಳ ಕತೆಯೂ ಇದೇ. ಹಾಳೆಯ ಮೇಲೆ 2019 ಎಂಬುದು ನಾಲ್ಕು ಅಂಕಿ, ಬಾಯಲ್ಲಿ ಅದು "ಎರಡು ಸಾವಿರದ ಹತ್ತೊಂಬತ್ತು". ಪಶು ಚಿಕಿತ್ಸೆಯ ಸಹಾಯವಾಣಿ 1962ನ್ನು ಕೇಳುಗರು ಬರೆದುಕೊಳ್ಳುವಂತೆ ಬಿಡಿಬಿಡಿಯಾಗಿ ಎರಡು ಸಲ ಹೇಳಿದರೆ ಹತ್ತು ಸೆಕೆಂಡ್ ಹೋಗುತ್ತದೆ. ಪದ ಎಣಿಸುವವರ ಲೆಕ್ಕದಲ್ಲಿ ಅದು ಒಂದೇ ಪದ.

ಹಾಗಾಗಿ ಇರುವ ದಾರಿ ಒಂದೇ: ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು ಪೂರ್ತಿ ಗಟ್ಟಿಯಾಗಿ ಓದುವುದು. ಮನಸ್ಸಿನಲ್ಲಿ ಓದಿದರೆ ಆಗುವುದಿಲ್ಲ. ಕಣ್ಣು ನಾಲಿಗೆಗಿಂತ ವೇಗವಾಗಿ ಓಡುತ್ತದೆ, ಉಸಿರು ತೆಗೆದುಕೊಳ್ಳಲೂ ಅದು ನಿಲ್ಲುವುದಿಲ್ಲ. ಭಾಷಣದ ದಿನ ನಿಂತು ಮಾತಾಡುವುದಿದ್ದರೆ ನಿಂತೇ ಓದಬೇಕು, ಸ್ಟುಡಿಯೊದಲ್ಲಿ ಕೂತು ಓದುವುದಿದ್ದರೆ ಕೂತು ಓದಬೇಕು. ಮೂರು ಸಲ ಓದಿ. ಮೊದಲ ಸಲ ಎಲ್ಲೆಲ್ಲೋ ತಡವರಿಸುತ್ತೇವೆ, ವಾಕ್ಯ ತಿದ್ದುತ್ತೇವೆ, ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯ ಮತ್ತು ಮೂರನೆಯ ಓದಿನ ನಡುವೆ ಹದಿನೈದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಿಮ್ಮ ಓದಿನ ವೇಗ ಇನ್ನೂ ನಿಂತಿಲ್ಲ ಎಂದರ್ಥ, ಇನ್ನೊಮ್ಮೆ ಓದಿ.

ಹನ್ನೆರಡು ನಿಮಿಷ ಕೊಟ್ಟಿದ್ದರೆ ಸ್ಕ್ರಿಪ್ಟು ಹನ್ನೊಂದೂವರೆ ನಿಮಿಷಕ್ಕೆ ಮುಗಿಯಬೇಕು. ಉಳಿದ ಅರ್ಧ ನಿಮಿಷ ಕೆಮ್ಮಿಗೆ, ನೀರು ಕುಡಿಯುವುದಕ್ಕೆ, ನಿರೂಪಕರು ಪರಿಚಯದಲ್ಲಿ ಸೇರಿಸುವ ಎರಡು ಮಾತಿಗೆ. ಸ್ಕ್ರಿಪ್ಟು ಹದಿಮೂರು ನಿಮಿಷ ಬಂದರೆ "ಅವತ್ತು ಸ್ವಲ್ಪ ಬೇಗ ಓದಿದರಾಯಿತು" ಎನ್ನುವ ಮಾತೇ ಬೇಡ. ಪೆನ್ನು ತೆಗೆದುಕೊಂಡು ಒಂದು ಭಾಗವನ್ನು ಹೊಡೆದು ಹಾಕಬೇಕು.

ಇನ್ನು ಗುರುತು ಹಾಕುವುದು. ಅರ್ಧರ್ಧ ನಿಮಿಷಕ್ಕೆ ಒಂದರಂತೆ ಗುರುತು ಹಾಕಿದವರನ್ನೂ ನೋಡಿದ್ದೇವೆ. ಅವರ ಕಣ್ಣು ಗಡಿಯಾರದಿಂದ ಹಾಳೆಗೆ, ಹಾಳೆಯಿಂದ ಗಡಿಯಾರಕ್ಕೆ ಓಡುತ್ತಲೇ ಇರುತ್ತದೆ, ಮಾತು ತುಂಡುತುಂಡಾಗುತ್ತದೆ. ಪ್ರತಿ ಪುಟದ ಕೊನೆಯಲ್ಲಿ ಗುರುತು ಹಾಕುವುದೂ ಸರಿಯಲ್ಲ. ಪುಟ ಮುಗಿಯುವ ಜಾಗದಲ್ಲಿ ವಾಕ್ಯ ಅರ್ಧಕ್ಕೆ ನಿಂತಿರಬಹುದು, ಅಲ್ಲಿ ತಲೆಯೆತ್ತಿ ಗಡಿಯಾರ ನೋಡಿದರೆ ಕೇಳುಗರಿಗೆ ಗೊತ್ತಾಗಿಬಿಡುತ್ತದೆ. ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವಲ್ಲಿ ಹೇಗೂ ಒಂದು ಉಸಿರು ನಿಲ್ಲುತ್ತೇವಲ್ಲ, ಗುರುತು ಇರಬೇಕಾದದ್ದು ಅಲ್ಲಿ. ಹನ್ನೆರಡು ನಿಮಿಷದ ಭಾಷಣಕ್ಕೆ ಅಂಥ ಐದು ಗುರುತು ಧಾರಾಳ.

ಗುರುತಿನಲ್ಲಿ ಏನು ಬರೆಯಬೇಕು? ಶುರುವಾದ ಮೇಲೆ ಎಷ್ಟು ನಿಮಿಷವಾಯಿತು ಎಂದು ಬರೆಯುವುದು ರೂಢಿ. ನಮ್ಮ ಮತ ಬೇರೆ. ಮುಗಿಸುವ ಹೊತ್ತು ನಿಗದಿಯಾಗಿರುವಲ್ಲಿ ಗೋಡೆ ಗಡಿಯಾರದ ಸಮಯವನ್ನೇ ಬರೆಯಬೇಕು, ಅದನ್ನೂ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆಯಬೇಕು. ಶುರುವಾಗುವ ಹೊತ್ತು ನಮ್ಮ ಕೈಯಲ್ಲಿಲ್ಲ. ಪರಿಚಯ ಉದ್ದವಾಗಬಹುದು, ಹಾಡು ತಡವಾಗಿ ಮುಗಿಯಬಹುದು. ಮುಗಿಯುವ ಹೊತ್ತು ಮಾತ್ರ ಬದಲಾಗುವುದಿಲ್ಲ. ಸ್ಟಾಪ್‌ವಾಚ್ ನಂಬಿದವರಿಗೆ ತಾವು ತಡವಾಗಿ ಶುರು ಮಾಡಿದ್ದು ಕಾಣುವುದೇ ಇಲ್ಲ. ಅವರು ತಮ್ಮ ಹನ್ನೊಂದೂವರೆ ನಿಮಿಷವನ್ನು ಸರಿಯಾಗಿ ಮುಗಿಸಿ, ಕಾರ್ಯಕ್ರಮದ ಲೆಕ್ಕದಲ್ಲಿ ತಡವಾಗಿರುತ್ತಾರೆ.

ನಮ್ಮ ಡಾಕ್ಟರ ಸ್ಕ್ರಿಪ್ಟನ್ನು ಹೀಗೆ ಹಿಂದಕ್ಕೆ ಲೆಕ್ಕ ಹಾಕಿದೆವು. ಕೊನೆಯ ಭಾಗ ಓದಲು ಐವತ್ತು ಸೆಕೆಂಡ್ ಹಿಡಿಯುತ್ತದೆ. ಅದು 5:14:30ಕ್ಕೆ ಮುಗಿಯಬೇಕಾದರೆ 5:13:40ಕ್ಕೆ ಶುರುವಾಗಬೇಕು. ಅದರ ಹಿಂದಿನದು ಲಸಿಕೆಯ ಭಾಗ, ಒಂದು ನಿಮಿಷ ನಲವತ್ತು ಸೆಕೆಂಡ್, ಅಂದರೆ ಅದು 5:12ಕ್ಕೆ ಶುರುವಾಗಬೇಕು. ಹೀಗೆ ಮೇಲಕ್ಕೆ ಹೋಗುತ್ತ ಹೋದಾಗ ಅಂಚಿನಲ್ಲಿ ಬಂದ ಗುರುತುಗಳು ಇವು:

5:04:30 – ಪೀಠಿಕೆ ಮುಗಿಯಿತು
5:07:00 – ರೋಗ ಲಕ್ಷಣ ಮುಗಿಯಿತು
5:09:15 – ಹರಡುವ ಬಗೆ ಮುಗಿಯಿತು
5:12:00 – ಆರೈಕೆ ಮುಗಿಯಿತು
5:13:40 – ಲಸಿಕೆ ಮುಗಿಯಿತು, ಕೊನೆಯ ಭಾಗ ಶುರು

ಇವನ್ನು ಬಲಗಡೆ ಅಂಚಿನಲ್ಲಿ, ಸ್ಕ್ರಿಪ್ಟಿನ ಅಕ್ಷರಕ್ಕಿಂತ ದೊಡ್ಡದಾಗಿ, ಬೇರೆ ಬಣ್ಣದಲ್ಲಿ ಬರೆದು ಸುತ್ತ ಗೆರೆ ಹಾಕಿದೆವು. ಗಂಟೆ ಎಲ್ಲರಿಗೂ ಗೊತ್ತಿರುವುದರಿಂದ ಹಾಳೆಯ ಮೇಲೆ 4:30, 7:00 ಎಂದಷ್ಟೇ ಬರೆದರೂ ಸಾಕು. ಮೊದಲ ಗುರುತು ಒಂದೂವರೆ ನಿಮಿಷಕ್ಕೇ ಇರುವುದು ಬೇಕೆಂದೇ ಮಾಡಿದ್ದು. ಮೈಕಿನ ಮುಂದೆ ಕೂತಾಗ ಕೆಲವರ ಓದು ಭಯಕ್ಕೆ ಓಟವಾಗುತ್ತದೆ, ಕೆಲವರದು ತೆವಳುತ್ತದೆ. ನಾವು ಅವತ್ತು ಯಾವ ಜಾತಿಗೆ ಸೇರಿದ್ದೇವೆ ಎಂಬುದು ಬೇಗ ತಿಳಿದಷ್ಟೂ ಒಳ್ಳೆಯದು.

ಇಷ್ಟಕ್ಕೇ ನಿಲ್ಲಿಸಿದರೆ ಗುರುತುಗಳಿಂದ ಗಾಬರಿಯಲ್ಲದೆ ಬೇರೇನೂ ಬರುವುದಿಲ್ಲ. ಮುಕ್ಕಾಲು ನಿಮಿಷ ತಡವಾಗಿದ್ದೇವೆ ಎಂದು ತಿಳಿದು ಏನು ಮಾಡುವುದು? ಎಲ್ಲರಿಗೂ ಮೊದಲು ಹೊಳೆಯುವುದು ಬೇಗ ಓದುವುದು. ಲೆಕ್ಕ ಹಾಕಿ ನೋಡಿ. ಮೂರು ನಿಮಿಷ ಉಳಿದಿದೆ, ನಾಲ್ಕು ನಿಮಿಷದ ಮಾತು ಬಾಕಿ ಇದೆ ಎಂದರೆ ಓದಿನ ವೇಗವನ್ನು ಮೂರನೇ ಒಂದು ಪಾಲಿನಷ್ಟು ಹೆಚ್ಚಿಸಬೇಕು. ಹಾಗೆ ಓದಿದರೆ ಮದ್ದಿನ ಹೆಸರಾಗಲಿ ಸಹಾಯವಾಣಿಯ ನಂಬರಾಗಲಿ ಯಾರಿಗೂ ದಕ್ಕುವುದಿಲ್ಲ. ಕಿವಿಗೆ ಕಷ್ಟವಾಗದಷ್ಟು, ಎಂದರೆ ನೂರಕ್ಕೆ ಐದರಷ್ಟು ವೇಗ ಹೆಚ್ಚಿಸಿದರೆ ಮೂರು ನಿಮಿಷದಲ್ಲಿ ಉಳಿಯುವುದು ಒಂಬತ್ತು ಸೆಕೆಂಡ್ ಮಾತ್ರ. ಬೇಗ ಓದಿ ಸಮಯ ಉಳಿಸಲು ಆಗುವುದಿಲ್ಲ. ಬಿಟ್ಟರೆ ಮಾತ್ರ ಉಳಿಯುತ್ತದೆ.

ಏನನ್ನು ಬಿಡಬಹುದು ಎಂಬುದನ್ನು ಗುರುತು ಹಾಕುವಾಗಲೇ ತೀರ್ಮಾನಿಸಬೇಕು. ಡಾಕ್ಟರ ಸ್ಕ್ರಿಪ್ಟಿನಲ್ಲಿ ಅಂಥ ಮೂರು ಭಾಗಗಳಿಗೆ ಬ್ರಾಕೆಟ್ ಹಾಕಿ, ಪಕ್ಕದಲ್ಲಿ ಅವುಗಳ ಅಳತೆ ಬರೆದೆವು. ರೋಗ ಲಕ್ಷಣದ ಭಾಗದ ಆರಂಭದಲ್ಲಿ ಈ ರೋಗದ ಇತಿಹಾಸವಿತ್ತು. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡದ್ದು, 2019ರಲ್ಲಿ ಒಡಿಶಾದ ಮೂಲಕ ಭಾರತದಲ್ಲಿ ವರದಿಯಾದದ್ದು. ಅದು 40 ಸೆಕೆಂಡ್. ಆರೈಕೆಯ ಭಾಗದಲ್ಲಿ ನೊಣ ಓಡಿಸಲು ಬೇವಿನ ಹೊಗೆ ಹಾಕುವುದರ ಬಗ್ಗೆ ಒಂದು ಉದಾಹರಣೆ, 30 ಸೆಕೆಂಡ್. ಲಸಿಕೆಯ ಭಾಗದಲ್ಲಿ ಮೇಕೆ ಸಿಡುಬಿನ ಲಸಿಕೆ ದನಕ್ಕೆ ಹೇಗೆ ರಕ್ಷಣೆ ಕೊಡುತ್ತದೆ, ಎರಡು ವೈರಾಣುಗಳ ನಂಟೇನು ಎಂಬ ವಿವರಣೆ, 35 ಸೆಕೆಂಡ್. ಒಟ್ಟು ಒಂದು ನಿಮಿಷ 45 ಸೆಕೆಂಡ್ ನಮ್ಮ ಜೇಬಿನಲ್ಲಿ.

ಡಾಕ್ಟರಿಗೆ ಮೊದಲು ಇದು ಹಿಡಿಸಲಿಲ್ಲ. "ಇತಿಹಾಸ ಬಿಟ್ಟರೆ ಹೇಗೆ ಸರ್, ಅದು ಗೊತ್ತಿರಬೇಕಲ್ಲ" ಅಂದರು. ಗೊತ್ತಿರಬೇಕು ನಿಜ, ಸಮಯವಿದ್ದರೆ ಹೇಳೋಣ. ಆದರೆ ಹುಷಾರಿಲ್ಲದ ದನವನ್ನು ಬೇರೆ ಕಟ್ಟಬೇಕು, ಈಗಾಗಲೇ ರೋಗ ಬಂದ ದನಕ್ಕೆ ಲಸಿಕೆ ಹಾಕಿಸಬಾರದು, 1962ಕ್ಕೆ ಫೋನ್ ಮಾಡಬಹುದು ಎಂಬ ಮೂರು ಮಾತು ಬಿಟ್ಟುಹೋಗುವಂತಿಲ್ಲ. ಬ್ರಾಕೆಟ್ ಹಾಕದವರ ಭಾಷಣದಲ್ಲಿ ಇತಿಹಾಸ ಪೂರ್ತಿ ಬರುತ್ತದೆ, ಕೊನೆಯಲ್ಲಿರುವ ಫೋನ್ ನಂಬರು ಹೋಗುತ್ತದೆ. ಸಮಯ ಸಾಲದಾದಾಗ ಕತ್ತರಿ ಬೀಳುವುದು ಕೊನೆಗೇ, ಮತ್ತು ನಾವು ಮುಖ್ಯವಾದದ್ದನ್ನು ಇಟ್ಟಿರುವುದೂ ಕೊನೆಗೇ. ಸಮಯದ ಗುರುತು ಬೇಕು ಎಂದು ನಾವು ಹಟ ಹಿಡಿಯುವುದು ಈ ಕಾರಣಕ್ಕೆ.

ಬ್ರಾಕೆಟ್ ಹಾಕುವಾಗ ಎರಡು ಎಚ್ಚರಿಕೆ ಬೇಕು. ಒಂದು, ಬ್ರಾಕೆಟ್ಟಿನ ನಂತರದ ವಾಕ್ಯ "ಆದ್ದರಿಂದ", "ಈ ಕಾರಣಕ್ಕೇ", "ಮೇಲೆ ಹೇಳಿದ ಹಾಗೆ" ಎಂದು ಶುರುವಾಗಬಾರದು. ನಡುವಿನ ಭಾಗ ಬಿಟ್ಟರೆ ಆ ಮಾತು ನೇತಾಡುತ್ತದೆ. ಬ್ರಾಕೆಟ್ ಬಿಟ್ಟು ಒಮ್ಮೆ ಗಟ್ಟಿಯಾಗಿ ಓದಿದರೆ ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಕಿವಿಗೇ ತಿಳಿಯುತ್ತದೆ. ಎರಡು, ಬ್ರಾಕೆಟ್ ಯಾವಾಗಲೂ ಗುರುತಿನ ನಂತರ ಬರಬೇಕು. ಗಡಿಯಾರ ನೋಡಿದ ತಕ್ಷಣ ಓದಬೇಕೋ ಹಾರಬೇಕೋ ಎಂಬ ತೀರ್ಮಾನ ಆಗಬೇಕು. ಬಿಡಬಹುದಾದ ಭಾಗವನ್ನು ಓದಿ ಮುಗಿಸಿದ ಮೇಲೆ ತಡವಾಗಿದೆ ಎಂದು ಗೊತ್ತಾದರೆ ಏನೂ ಪ್ರಯೋಜನವಿಲ್ಲ.

ಎಷ್ಟು ತಡವಾದರೆ ಹಾರಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡೆವು. ನಮ್ಮ ಬಳಿ ಅರ್ಧ ನಿಮಿಷದ ಉಳಿತಾಯವಿದೆ. ಗುರುತಿಗಿಂತ ತಡವಾದದ್ದು ಅದರೊಳಗೆ ಇದ್ದರೆ ಏನೂ ಮಾಡಬೇಕಿಲ್ಲ, ಅದೇ ವೇಗದಲ್ಲಿ ಓದುತ್ತ ಹೋಗಬೇಕು. ಅದಕ್ಕಿಂತ ಹೆಚ್ಚಾದರೆ ಮುಂದಿನ ಬ್ರಾಕೆಟ್ ಬಿಡಬೇಕು. ಅಷ್ಟೇ ನಿಯಮ, ಮೈಕಿನ ಮುಂದೆ ಇದಕ್ಕಿಂತ ಹೆಚ್ಚಿನ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ.

ಪ್ರಸಾರದ ದಿನ ನಡೆದದ್ದು ಹೀಗೆ. ನಿರೂಪಕರು ಪರಿಚಯದಲ್ಲಿ ಹವಾಮಾನದ ಬಗ್ಗೆಯೂ ಒಂದು ಮಾತು ಸೇರಿಸಿದರು. ಡಾಕ್ಟರು ಬಾಯಿ ತೆರೆದಾಗ 5:03:40. ಪೀಠಿಕೆ ಮುಗಿದಾಗ 5:05:15, ಅಂದರೆ ಗುರುತಿಗಿಂತ 45 ಸೆಕೆಂಡ್ ತಡ. ಉಳಿತಾಯ ಮೀರಿತು. ಡಾಕ್ಟರು ಇತಿಹಾಸದ ಬ್ರಾಕೆಟ್ ಬಿಟ್ಟು ಸೀದಾ ಲಕ್ಷಣಗಳಿಗೆ ಬಂದರು. ಆ ಭಾಗ ಮುಗಿದಾಗ 5:07:05. ಐದೇ ಸೆಕೆಂಡ್ ತಡ, ಲೆಕ್ಕಕ್ಕಿಲ್ಲ. ಮುಂದೆ ಸೊಳ್ಳೆ, ಕಚ್ಚುವ ನೊಣಗಳಿಂದ ರೋಗ ಹರಡುವುದನ್ನು ಹೇಳುವಾಗ ಈ ರೋಗ ಮನುಷ್ಯರಿಗೆ ಬರುವುದಿಲ್ಲ ಎಂಬ ಮಾತನ್ನು ಡಾಕ್ಟರು ಸ್ಕ್ರಿಪ್ಟಿನಲ್ಲಿಲ್ಲದಿದ್ದರೂ ಬಿಡಿಸಿ ಹೇಳಿದರು. ಹೇಳಬೇಕಾದದ್ದೇ. ಗುರುತು ಬಂದಾಗ 5:09:50, 35 ಸೆಕೆಂಡ್ ತಡ. ಬೇವಿನ ಹೊಗೆಯ ಉದಾಹರಣೆ ಬಿಟ್ಟರು. ಆರೈಕೆಯ ಭಾಗ 5:12:05ಕ್ಕೆ ಮುಗಿಯಿತು. ಲಸಿಕೆಯ ಭಾಗದಲ್ಲಿ ಬ್ರಾಕೆಟ್ ಬಿಡಬೇಕಾಗಿ ಬರಲಿಲ್ಲ, ಪೂರ್ತಿ ಓದಿದರು. ಕೊನೆಯ ವಾಕ್ಯ ಮುಗಿದಾಗ 5:14:35. ಉಳಿದ 25 ಸೆಕೆಂಡಿನಲ್ಲಿ ನಿರೂಪಕರು ಸ್ಟುಡಿಯೊದ ಫೋನ್ ನಂಬರನ್ನು ನಿಧಾನವಾಗಿ ಹೇಳಿದರು. 5:15ಕ್ಕೆ ಸರಿಯಾಗಿ ಮೊದಲ ಕರೆ ತೆಗೆದುಕೊಂಡರು.

ಕೇಳುಗರಲ್ಲಿ ಯಾರಿಗೂ ಎಪ್ಪತ್ತು ಸೆಕೆಂಡಿನ ಮಾತು ಬಿಟ್ಟುಹೋದದ್ದು ಗೊತ್ತಾಗಲಿಲ್ಲ. ಜಾಂಬಿಯಾದ ಬಗ್ಗೆ ಯಾರೂ ಕೇಳಲೂ ಇಲ್ಲ. ಫೋನಿನಲ್ಲಿ ಬಂದ ಮೊದಲ ಪ್ರಶ್ನೆ, ಗಂಟು ಒಡೆದು ಗಾಯವಾದ ಎತ್ತನ್ನು ಗಾಡಿಗೆ ಕಟ್ಟಬಹುದೇ ಎಂಬುದು. ಸ್ಕ್ರಿಪ್ಟಿನಲ್ಲಿ ಆ ವಿಷಯವೇ ಇರಲಿಲ್ಲ. ಪ್ರಶ್ನೆಗೆ ಜಾಗ ಇದ್ದದ್ದರಿಂದ ಅದು ಬಂತು.

ಬೇಗ ಮುಗಿದರೆ ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ. ಬಾನುಲಿಯಲ್ಲಿ ಒಂದು ನಿಮಿಷದ ಮೌನ ತಡವಾಗುವುದರಷ್ಟೇ ಕೆಟ್ಟದ್ದು. ಇದಕ್ಕೂ ಒಂದು ತುಂಡು ಸಿದ್ಧವಿರಬೇಕು: ಕೊನೆಯ ಭಾಗಕ್ಕಿಂತ ಮೊದಲು ಸೇರಿಸಬಹುದಾದ, ಸೇರಿಸದಿದ್ದರೂ ನಡೆಯುವ, ಅರ್ಧ ನಿಮಿಷದ ಒಂದು ಪ್ಯಾರಾ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ಕೊನೆಯ ಭಾಗವನ್ನಂತೂ ಹಿಗ್ಗಿಸಬೇಡಿ, ಕುಗ್ಗಿಸಲೂ ಬೇಡಿ. ಸುತ್ತಲೂ ಚೌಕ ಹಾಕಿಡಿ. ಎಷ್ಟೇ ತಡವಾಗಿರಲಿ, 5:14 ಆಗುತ್ತಿದ್ದ ಹಾಗೆ ಎಲ್ಲಿದ್ದೀರೋ ಅಲ್ಲಿನ ವಾಕ್ಯ ಮುಗಿಸಿ ಚೌಕಕ್ಕೆ ಬನ್ನಿ. ಐವತ್ತು ಸೆಕೆಂಡಿನ ಆ ಚೌಕದ ಮೇಲೆ ಹತ್ತು ಸೆಕೆಂಡ್ ಇನ್ನೂ ಉಳಿದಿರುತ್ತದೆ.

ಗಡಿಯಾರ ನೋಡಿಕೊಂಡು ಮಾತಾಡಿದರೆ ಮಾತಿನ ಜೀವ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ನಾವು ಕಂಡದ್ದು ಇದಕ್ಕೆ ವಿರುದ್ಧ. ಗುರುತಿಲ್ಲದವರೇ ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಾರೆ, ನೋಡಿದರೂ ಅವರಿಗೆ ಏನೂ ತಿಳಿಯುವುದಿಲ್ಲ. ಈಗ 5:09 ಎಂದರೆ ಮುಂದಿದ್ದೇವೋ ಹಿಂದಿದ್ದೇವೋ ಎಂದು ಹೋಲಿಸಲು ಅವರ ಬಳಿ ಬೇರೊಂದು ಅಂಕಿ ಇಲ್ಲ. ಗುರುತಿದ್ದವರು ಐದು ಸಲ ನೋಡುತ್ತಾರೆ, ಉಳಿದ ಹೊತ್ತೆಲ್ಲ ಮಾತಿನ ಮೇಲೇ ಗಮನವಿಡುತ್ತಾರೆ. ಡಾಕ್ಟರು ಸ್ಕ್ರಿಪ್ಟಿನಲ್ಲಿಲ್ಲದ ಮಾತನ್ನು ಧೈರ್ಯವಾಗಿ ಸೇರಿಸಿದ್ದೂ ಇದರಿಂದಲೇ. ಅದರ ಬೆಲೆ ಎಷ್ಟು, ಅದನ್ನು ಎಲ್ಲಿಂದ ತೀರಿಸಬಹುದು ಎಂಬುದು ಅವರ ಮುಂದೆಯೇ ಬರೆದಿತ್ತು.

ಈ ವಿಧಾನಕ್ಕೆ ಮಿತಿಯೂ ಇದೆ. ಇದು ಬರೆದು ಓದುವ ಭಾಷಣಕ್ಕೆ ಹೊಂದುವ ಕ್ರಮ. ಸಂದರ್ಶನಕ್ಕೆ, ಸಂವಾದಕ್ಕೆ ಹೊಂದುವುದಿಲ್ಲ, ಅಲ್ಲಿ ಎದುರಿನವರ ಉತ್ತರದ ಉದ್ದ ನಮ್ಮ ಕೈಯಲ್ಲಿಲ್ಲ. ಟಿಪ್ಪಣಿ ಮಾತ್ರ ಇಟ್ಟುಕೊಂಡು ಮಾತಾಡುವವರು ಪ್ರತಿ ಅಂಶದ ಪಕ್ಕ ಗುರುತು ಹಾಕಬಹುದು, ಆದರೆ ಉಳಿತಾಯ ಅರ್ಧ ನಿಮಿಷ ಸಾಲದು, ಹತ್ತು ನಿಮಿಷಕ್ಕೆ ಎರಡು ನಿಮಿಷವಾದರೂ ಬಿಟ್ಟುಕೊಳ್ಳಬೇಕು. ಸಭೆಯಲ್ಲಿ ಚಪ್ಪಾಳೆ, ನಗು, ನಡುವೆ ಬಂದ ಗಣ್ಯರ ಸ್ವಾಗತ ಎಲ್ಲವೂ ಸಮಯ ತಿನ್ನುತ್ತವೆ. ಅಲ್ಲಿ ಬ್ರಾಕೆಟ್ಟುಗಳು ಇನ್ನೂ ಉದ್ದವಾಗಿರಬೇಕು.

ಕಾರ್ಯಕ್ರಮ ನಡೆಸುವವರಿಗೂ ಒಂದು ಮಾತು. "ಒಂದು ಹತ್ತು ನಿಮಿಷ ಮಾತಾಡಿ ಸಾರ್" ಎಂದು ಕರೆಯುವುದನ್ನು ಬಿಡಬೇಕು. ಆ ಹತ್ತು ನಿಮಿಷದಲ್ಲಿ ಪರಿಚಯ ಸೇರಿದೆಯೇ, ಎಷ್ಟು ಗಂಟೆಗೆ ಮುಗಿಯಬೇಕು, ನಂತರ ಯಾರು ಕಾಯುತ್ತಿದ್ದಾರೆ ಎಂಬುದನ್ನು ಕರೆಯುವಾಗಲೇ ಹೇಳಬೇಕು. ಭಾಷಣಕಾರರಿಗೆ ಕಾಣುವ ಹಾಗೆ, ಅವರ ಎದುರಿನ ಗೋಡೆಗೆ, ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರ ಹಾಕಬೇಕು. ವೇದಿಕೆಯ ಹಿಂದಿನ ಗೋಡೆಯಲ್ಲಿ ಗಡಿಯಾರವಿದ್ದರೆ ಅದು ಕಾಣುವುದು ಸಭಿಕರಿಗೆ ಮಾತ್ರ. ಹೊತ್ತಾಯಿತೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.